ಐದು ಬಣ್ಣಗಳ ಬೀರು

ನಾಲ್ಕೈದು ಮೂಲವರ್ಣಗಳನ್ನು ಆರಿಸಿಕೊಂಡು, ಬೀರುವಿನೊಳಗಿನ ಯಾವ ಉಡುಪನ್ನಾದರೂ ಮತ್ತಾವುದರೊಡನೆಯಾದರೂ ತೊಡುವಂತೆ ಅಣಿಗೊಳಿಸುವ ಪದ್ಧತಿ, 1985ರಲ್ಲಿ ನ್ಯೂಯಾರ್ಕಿನ ವಸ್ತ್ರವಿನ್ಯಾಸಕಿ ಡೊನ್ನಾ ಕರಾನ್ ಏಳೇ ಉಡುಪುಗಳ ಸಂಗ್ರಹವೊಂದನ್ನು ಮುಂದಿಟ್ಟ ಬಳಿಕ ವಿಶೇಷ ಖ್ಯಾತಿಯನ್ನು ಪಡೆಯಿತು. ಅದರ ಗಣಿತ ಸರಳವಾದುದು: ಐದು ಅಂಗಿ, ನಾಲ್ಕು ಷರಾಯಿಗಳು ಪರಸ್ಪರ ಹೊಂದಿದರೆ ಇಪ್ಪತ್ತು ಜೋಡಿಗಳು, ಒಂದು ಷರಾಯಿ ಎರಡೇ ಅಂಗಿಗಳಿಗೆ ಒಪ್ಪಿದರೆ ಹದಿನೇಳು.

ಗಣಿತದಲ್ಲಿ ದೋಷವಿಲ್ಲ, ದೋಷವಿರುವುದು ಬಣ್ಣವನ್ನು ಅದರ ಹೆಸರಿನಿಂದ ಆರಿಸುವುದರಲ್ಲಿ. ಬಿಳಿ ಎಂದು ಮಾರುವ ವಸ್ತ್ರಗಳಲ್ಲಿ ನೀಲಿಯ ಛಾಯೆಯುಳ್ಳದ್ದೂ ಉಂಟು, ಹಾಲ್ಕೆನೆಯಂತೆ ಹಳದಿಗೆ ವಾಲುವುದೂ ಉಂಟು. ಒಂದರ ಪಕ್ಕದಲ್ಲಿ ಇನ್ನೊಂದು ಕೊಳೆಯಾದಂತೆ ತೋರುವುದು. ಅಂಗಡಿಯ ದೀಪದಡಿ ಏಕರೂಪವೆನಿಸಿದ ಎರಡು ಬಟ್ಟೆಗಳು ಬಿಸಿಲಿನಲ್ಲಿ ಭಿನ್ನವಾಗುವುದು, ಅವುಗಳಲ್ಲಿ ಬಳಸಿದ ರಂಗುಗಳು ಬೇರೆಯಾಗಿರುವುದರಿಂದ. ಆದುದರಿಂದ ಬಾಗಿಲ ಬಳಿಯ ಹಗಲಿನ ಬೆಳಕಿನಲ್ಲಿ, ಬಿಳಿಯ ಕಾಗದದ ಮೇಲಿಟ್ಟು ನೋಡುವುದೇ ನಿಜವಾದ ಪರೀಕ್ಷೆ.

ಎಲ್ಲರೂ ಮೊದಲು ಆರಿಸುವ ಕಪ್ಪಿನ ವಿಷಯದಲ್ಲಿ ನನಗೆ ಸಂಶಯವಿದೆ. ಹತ್ತಿಯ ಕಪ್ಪು ಒಗೆತಕ್ಕೂ ಬಿಸಿಲಿಗೂ ಸಿಕ್ಕಿ ಕಂದುಬೂದಿಗೆ ತಿರುಗುವುದರಿಂದ, ಹೊಸದರ ಪಕ್ಕದಲ್ಲಿ ಹಳೆಯ ಕಪ್ಪು ತನ್ನ ವಯಸ್ಸನ್ನು ಸಾರಿಬಿಡುತ್ತದೆ. ಕಪ್ಪೆಂದು ಭ್ರಮಿಸಿ ಕೊಂಡ ಕಡುನೀಲಿಯಂತೂ ಕಪ್ಪಿನೊಡನೆ ಸೇರಿದಾಗ ಅಜಾಗರೂಕತೆಯೆಂದೇ ತೋರುವುದು.

ಈ ಪದ್ಧತಿಗೆ ಅತ್ಯುತ್ತಮ ನಿದರ್ಶನ ನಮ್ಮ ರವಿಕೆಗಳಲ್ಲಿದೆಯೆಂದು ನನ್ನ ಅಭಿಪ್ರಾಯ. ಸೀರೆಗೆ ಒಡಲು, ಅಂಚು, ಸೆರಗು ಎಂಬ ಮೂರು ಅಂಗಗಳಿರುವುದರಿಂದ, ರವಿಕೆಯು ಮೂರರಲ್ಲಿ ಯಾವುದಾದರೊಂದಕ್ಕೆ ಹೊಂದಿದರೂ ಸಾಕು. ಇಳಕಲ್ ಸೀರೆಯನ್ನೇ ನೋಡಿ: ಒಡಲು ನೀಲಿಯಿರಲಿ, ಹಸಿರಿರಲಿ, ದಾಳಿಂಬೆಯ ಬಣ್ಣದ್ದಿರಲಿ, ಕೊಂಡಿ ಹಾಕಿ ಜೋಡಿಸಿದ ಸಾಂಪ್ರದಾಯಿಕ ಸೆರಗು ಮಾತ್ರ ಕೆಂಪು, ಅದರ ಮೇಲೆ ಬಿಳಿಯ ತೋಪುತೆನೆ. ಸೆರಗಿನ ಕೆಂಪಿಗೆ ಒಪ್ಪುವ ಒಂದೇ ಕುಂಕುಮವರ್ಣದ ರವಿಕೆ ಇವೆಲ್ಲಕ್ಕೂ ಸಲ್ಲುತ್ತದೆ. ಅದರೊಡನೆ ಕಡುನೀಲಿ, ಎಲೆಹಸಿರು, ಸಾಸಿವೆಹಳದಿ, ಹಾಲ್ಕೆನೆ ಇವಿಷ್ಟಿದ್ದರೆ ದಿನನಿತ್ಯದ ಹತ್ತಿ ಸೀರೆಗಳಲ್ಲಿ ರವಿಕೆಯಿಲ್ಲದೆ ಉಳಿಯುವುದು ಅಪರೂಪ. ಇಲ್ಲಿ ಮೂಲವರ್ಣಗಳು ಪುಸ್ತಕದ ಪಟ್ಟಿಯಿಂದ ಬಂದವುಗಳಲ್ಲ, ಮನೆಯಲ್ಲಿರುವ ಅಂಚುಗಳಿಂದಲೂ ಸೆರಗುಗಳಿಂದಲೂ ಆರಿಸಲ್ಪಟ್ಟವುಗಳು. ಪಾಶ್ಚಾತ್ಯ ವಿಧಾನದ ಬೂದು, ಕಪ್ಪು, ಮರಳುಬಣ್ಣಗಳ ನಿರ್ವಿಕಾರತೆಗಿಂತ ಇದು ಹೆಚ್ಚು ಸಮರ್ಪಕವಾದ ಆಯ್ಕೆಯೆಂದೇ ಹೇಳಬೇಕು.

ಮಿತಿಯೂ ಇಲ್ಲದಿಲ್ಲ. ಬಣ್ಣ ಹೊಂದಿದರೂ ವಸ್ತ್ರದ ಹೊಳಪು ಹೊಂದದಿದ್ದರೆ ಜೋಡಿ ಕೆಡುತ್ತದೆ. ಜರಿಯ ರೇಷ್ಮೆ ಸೀರೆಗೆ ಮಂಕಾದ ಹತ್ತಿಯ ರವಿಕೆ ಬಡವಾಗಿ ಕಾಣುವುದುಂಟು. ಹಾಗಾಗಿ ಮದುವೆಮುಂಜಿಗಳ ಸೀರೆಗಳನ್ನು ಈ ಲೆಕ್ಕದಿಂದ ಹೊರಗಿಡುವುದೇ ಲೇಸು. ಮೂಲವರ್ಣಗಳನ್ನು ನಿರ್ಧರಿಸುವ ಮುನ್ನ ಓದುಗರು ಅಂಗಡಿಗೆ ಹೋಗದೆ, ತಮ್ಮ ಬೀರುವಿನಲ್ಲಿ ಅತಿ ಹೆಚ್ಚು ಬಾರಿ ಉಟ್ಟು ಸವೆದ ಬಟ್ಟೆಗಳನ್ನು ಹೊರತೆಗೆದು, ಬೆಳಕಿಗೆ ಹಿಡಿದು ನೋಡಲಿ.