ಸೋರದಿದ್ದರೂ ಸವೆದ ಪೈಪು

ಬೀದರ್ ನಗರದಲ್ಲಾಗಲಿ, ಭಾಲ್ಕಿ, ಔರಾದಗಳಲ್ಲಾಗಲಿ, ಈಚೆಗೆ ಕಟ್ಟಿದ ಅನೇಕ ಮನೆಗಳಲ್ಲಿ ವಾಷ್ ಬೇಸಿನ್ ಕೆಳಗೊಂದು ಕಪಾಟು ಬಂದು ಕೂತಿದೆ. ಗೋಡೆಯಿಂದ ಹೊರಬರುವ ಆಂಗಲ್ ಕಾಕ್, ಅಲ್ಲಿಂದ ನಳಕ್ಕೆ ಏರುವ ಕನೆಕ್ಷನ್ ಪೈಪ್, ಕೊಳೆನೀರು ಇಳಿಯುವ ಪೈಪ್ ಎಲ್ಲವೂ ಪ್ಲೈವುಡ್ ಬಾಗಿಲ ಹಿಂದೆ ಮರೆಯಾಗಿವೆ. ನೋಡಲು ಚೆಂದ. ಆದರೆ ಈ ಪೈಪುಗಳನ್ನು ನಾವು ನೋಡಿಕೊಳ್ಳುವ ರೀತಿ ಮಾತ್ರ ಕಪಾಟಿಲ್ಲದ ಕಾಲದ್ದೇ. ಹನಿ ಬಿದ್ದರೆ ಪ್ಲಂಬರ್‌ನನ್ನು ಕರೆಯುವುದು, ಬೀಳದಿದ್ದರೆ ಬಿಡುವುದು. ನೀವೇ ಮುಂದಾಗಿ ಹೇಳಿದರೂ ಬರುವ ಉತ್ತರ ಒಂದೇ: "ಸೋರ್ಲತ್ತಿಲ್ಲಲ್ರಿ ಅಣ್ಣಾ, ಸುಮ್ನ ಯಾಕ ಬಿಚ್ಚೋದು?"

ಈ ಮಾತಿನ ಹಿಂದೆ ಒಂದು ತಿಳಿವಳಿಕೆ ಇದೆ. ನಮ್ಮ ಬಹುತೇಕ ಮನೆಗಳಲ್ಲಿ ನೀರು ಮಾಳಿಗೆಯ ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. 10 ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಎರಡಂತಸ್ತಿನ ಮನೆಯ ಕೆಳಮನೆಯ ಬೇಸಿನ್‌ಗೆ ಟ್ಯಾಂಕು ಆರೇಳು ಮೀಟರ್ ಮೇಲಿದ್ದರೆ ಅರ್ಧ ಬಾರ್‌ಗಿಂತ ತುಸು ಹೆಚ್ಚು ಒತ್ತಡ ಬೀಳುತ್ತದೆ, ಅಷ್ಟೆ. ಬೀದಿಯ ಕೊಳವೆಯ ಮೂರು ನಾಲ್ಕು ಬಾರ್ ಒತ್ತಡ ನೇರವಾಗಿ ನಳಕ್ಕೆ ಬರುವ ದೇಶಗಳಲ್ಲಿ ಐದು ವರ್ಷಕ್ಕೊಮ್ಮೆ ಪೈಪ್ ಬದಲಿಸಿ ಎನ್ನುತ್ತಾರೆ. ಆ ಸಲಹೆಯನ್ನು ಇಲ್ಲಿಯ ತಣ್ಣೀರಿನ ಪೈಪಿಗೆ ಕಣ್ಣು ಮುಚ್ಚಿ ಅನ್ವಯಿಸಿದರೆ ದುಡ್ಡು ಹಾಳು. ನಮ್ಮ ಪ್ಲಂಬರ್‌ಗಳ ಮಿತವ್ಯಯಕ್ಕೆ ಇಷ್ಟು ಮಟ್ಟಿಗೆ ಆಧಾರವಿದೆ.

ತಪ್ಪಿರುವುದು ಅವರ ಪರೀಕ್ಷೆಯಲ್ಲಿ. ಸೋರುವುದು ಎಂದರೆ ಹನಿ ಬೀಳುವುದು ಎಂದು ಅವರು ಹಿಡಿದಿದ್ದಾರೆ. ನಮ್ಮ ಸೀಮೆಯ ಒಣಹವೆಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಮಾರ್ಚ್‌ನಿಂದ ಮೇ ತನಕ ನಟ್ಟಿನ ಅಂಚಿನಲ್ಲಿ ಒಸರಿದ ನೀರು ಹನಿಗಟ್ಟುವ ಮೊದಲೇ ಆರಿಹೋಗುತ್ತದೆ. ನೀರು ಹೋದರೂ ಅದರೊಳಗಿನ ಸುಣ್ಣ ಉಳಿಯುತ್ತದೆ. ಬೀದರ್ ಊರು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲಿದೆ. ಭಾಲ್ಕಿ, ಔರಾದಗಳ ಕಪ್ಪು ನೆಲದ ಕೆಳಗೆ ಇರುವುದು ಕರಿಕಲ್ಲು. ಆ ಕಲ್ಲಿನ ಬಿರುಕುಗಳಿಂದ ಬೋರ್‌ವೆಲ್‌ಗೆ ಬರುವ ನೀರು ಸಾಮಾನ್ಯವಾಗಿ ಗಡಸು. ಹಾಗಾಗಿ ಇಲ್ಲಿ ನಿಧಾನದ ಸೋರಿಕೆ ನೆಲದ ಮೇಲೆ ಕಾಣದೆ ನಟ್ಟಿನ ಸುತ್ತ ಬಿಳಿ ಉಂಗುರವಾಗಿ ಕಾಣುತ್ತದೆ. ಒಣಗಿದ ಉಂಗುರವನ್ನು ಬಟ್ಟೆಯಿಂದ ಒರೆಸಿ "ಏನೂ ಇಲ್ಲ" ಎಂದರೆ ಸಾಕ್ಷಿಯನ್ನೇ ಅಳಿಸಿದಂತೆ. ಉಂಗುರ ಬಿಳಿಯಿದ್ದರೆ ವಾಷರ್ ಸೋತಿದೆ. ಹಸಿರು ಬೆರೆತಿದ್ದರೆ ಹಿತ್ತಾಳೆ ಕರಗತೊಡಗಿದೆ. ಕಂದು ಕಲೆಯಿದ್ದರೆ ಉಕ್ಕಿನ ಜಾಳಿಗೆಗೆ ತುಕ್ಕು ಹಿಡಿದಿದೆ.

ಎರಡನೆಯ ಆಕ್ಷೇಪ ಕಪಾಟಿನದ್ದು. ಈ ಪೈಪನ್ನು ಒಳಗಿನ ನೀರು ಮಾತ್ರ ಸವೆಸುವುದಿಲ್ಲ, ಹೊರಗಿನ ಗಾಳಿಯೂ ಸವೆಸುತ್ತದೆ. ಜಾಳಿಗೆಯ ಪೈಪಿನಲ್ಲಿ ಒಳಗೆ ರಬ್ಬರ್ ನಳಿಕೆ, ಹೊರಗೆ ಸ್ಟೀಲ್ ತಂತಿಯ ಹೆಣಿಗೆ. ಒತ್ತಡ ಹೊರುವುದು ಹೆಣಿಗೆ. ರಬ್ಬರಿನ ಕೆಲಸ ನೀರು ತಡೆಯುವುದಷ್ಟೆ. ನಾವೋ ಸಂಡಾಸು ತೊಳೆಯುವ ಆಸಿಡ್ ಬಾಟಲಿ, ಬ್ಲೀಚಿಂಗ್ ಪೌಡರ್ ಪೊಟ್ಟಣ ಎಲ್ಲವನ್ನೂ ಅದೇ ಕಪಾಟಿನಲ್ಲಿ ಇಡುತ್ತೇವೆ. ಸಡಿಲ ಮುಚ್ಚಳದಿಂದ ಏಳುವ ಆವಿ ಮುಚ್ಚಿದ ಬಾಗಿಲೊಳಗೆ ತೇವದೊಡನೆ ಸೇರಿ ತಂತಿಗೆ ಅಂಟುತ್ತದೆ. ಅದರಲ್ಲಿರುವ ಕ್ಲೋರೈಡ್, ತುಕ್ಕು ಹಿಡಿಯುವುದಿಲ್ಲ ಎಂದು ಮಾರುವ ಸ್ಟೀಲನ್ನೂ ಕೂದಲೆಳೆಯ ಬಿರುಕುಗಳಾಗಿ ಒಡೆಯುತ್ತದೆ. ಒಂದೊಂದೇ ತಂತಿ ತುಂಡಾಗಿ, ಉಳಿದವುಗಳ ಮೇಲೆ ಭಾರ ಹೆಚ್ಚಿ, ಕೊನೆಗೆ ರಬ್ಬರ್ ಆ ಸಂದಿನಿಂದ ಗುಳ್ಳೆಯಂತೆ ಹೊರಗೆ ಉಬ್ಬುತ್ತದೆ. ಪೈಪ್ ಒಡೆಯುವುದು ಅಲ್ಲೇ.

ಹಿತ್ತಾಳೆಯ ಕಾಕ್ ಹಾಳಾಗುವ ಬಗೆ ಬೀದರಿನವರಿಗೆ ಹೊಸದೇನಲ್ಲ. ಬಿದ್ರಿ ಕುಶಲಕರ್ಮಿಗಳು ಸತುವೇ ಹೆಚ್ಚಿರುವ ಲೋಹಕ್ಕೆ ಕೋಟೆಯ ಮಣ್ಣು, ನವಸಾಗರ ಬೆರೆಸಿ ಹಚ್ಚಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಹಾಗೇ ಹೊಳೆಯುತ್ತದೆ. ಉಪ್ಪಿಗೆ ಮೊದಲು ಮಣಿಯುವುದು ಸತು ಎನ್ನುವುದೇ ಅಲ್ಲಿಯ ಗುಟ್ಟು. ಕಾಕ್‌ಗೆ ಬಳಸುವ ಹಿತ್ತಾಳೆಯಲ್ಲೂ ಸತು ದೊಡ್ಡ ಪಾಲು, ಅಗ್ಗದ ಕಾಕ್‌ಗಳಲ್ಲಂತೂ ಮೈಯೆಲ್ಲ ಸತುವಿನ ಮಿಶ್ರಲೋಹ, ಮೇಲೆ ಕ್ರೋಮ್ ಹೊಳಪು. ಉಪ್ಪು ಬೆರೆತ ನೀರಲ್ಲಿ ವರ್ಷಗಟ್ಟಲೆ ನಿಂತ ಹಿತ್ತಾಳೆಯಿಂದ ಸತು ಕರಗಿ ಹೋಗಿ, ಕೆಂಪಗಿನ, ಬುರುಗಾದ ತಾಮ್ರ ಉಳಿಯುತ್ತದೆ. ಹಳೆಯ ಕಾಕ್‌ನ ಥ್ರೆಡ್ಡು ಮುರಿದ ಕಡೆ ಹಳದಿ ಬದಲು ಗುಲಾಬಿ ಬಣ್ಣ ಕಂಡರೆ ಆಗಿರುವುದು ಇದೇ.

ಅಂಗಡಿಯಲ್ಲಿ ಹೊಳಪಿಗೆ ಬೆಲೆ ಕಟ್ಟುತ್ತೇವೆ. ನೋಡಬೇಕಾದದ್ದು ಬೇರೆ. ಒಂದೇ ಅಳತೆಯ ಎರಡು ಕಾಕ್ ಎರಡು ಕೈಯಲ್ಲಿ ಹಿಡಿದರೆ ಹಿತ್ತಾಳೆಯದು ಭಾರವೆನಿಸುತ್ತದೆ. ಥ್ರೆಡ್ಡಿನ ಬುಡದಲ್ಲಿ ಕ್ರೋಮ್ ಇಲ್ಲದ ಜಾಗ ಹಳದಿಯಿದೆಯೋ ಬೂದುಬಣ್ಣವೋ ನೋಡಿ. ಬಿಳಿ ಪಿವಿಸಿ ಕನೆಕ್ಷನ್ ಪೈಪ್ ತಣ್ಣೀರಿಗೆ ನಡೆದೀತು. ಗೀಸರ್‌ನಿಂದ 60 ಡಿಗ್ರಿ ದಾಟಿದ ನೀರು ಬರುವ ಕಡೆ ಅದನ್ನು ಹಾಕುವುದು ತಪ್ಪು. ಬಿಸಿಗೆ ಮೆತ್ತಗಾಗಿ, ಆರಿದಾಗ ಗಡುಸಾಗಿ, ಒಂದು ದಿನ ನಟ್ಟಿನ ಬುಡದಲ್ಲೇ ಸೀಳುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಎರಡೂ ಕಡೆ ಅದನ್ನೇ ಕೊಟ್ಟು ಕಳಿಸುವ ರೂಢಿಯನ್ನು ಯಾವ ಮಿತವ್ಯಯವೂ ಸಮರ್ಥಿಸಲಾರದು.

ಇನ್ನು ಕೆಲಸದ ಮಾತು. ಭಾಲ್ಕಿಯ ಎರಡಂತಸ್ತಿನ ಮನೆಯೊಂದನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಮಾಳಿಗೆಯಲ್ಲಿ 1000 ಲೀಟರ್ ಟ್ಯಾಂಕು, ಕೆಳಮನೆಯಲ್ಲಿ ಬಿಸಿ-ತಣ್ಣೀರಿನ ಮಿಕ್ಸರ್ ಇರುವ ಬೇಸಿನ್, ಎಂಟು ವರ್ಷ ಹಳೆಯ ಜಾಳಿಗೆ ಪೈಪುಗಳು. ಕಪಾಟು ಖಾಲಿ ಮಾಡಿ, ಬ್ಯಾಟರಿ ಬಿಟ್ಟು ನೋಡಿದರೆ ತಣ್ಣೀರಿನ ಕಡೆ ಶುದ್ಧ. ಬಿಸಿನೀರಿನ ಕಡೆ ನಟ್ಟಿಗೆ ಬಿಳಿ ಉಂಗುರ. ಜಾಳಿಗೆ ಲೋಹದ ಬಳೆಯೊಳಗೆ ಸೇರುವಲ್ಲಿ ಎರಡು ತಂತಿ ಮುಳ್ಳಿನಂತೆ ಎದ್ದಿವೆ. ಬೆರಳಾಡಿಸಿದರೆ ಚುಚ್ಚುತ್ತವೆ, ಆದ್ದರಿಂದ ಕೈಗಿಂತ ಹತ್ತಿಯ ಚೂರು ಆಡಿಸುವುದು ಲೇಸು. ಎಳೆ ಸಿಕ್ಕಿಕೊಂಡಲ್ಲಿ ತಂತಿ ಮುರಿದಿದೆ. ಇಷ್ಟಾದರೂ ಒಂದು ಹನಿಯೂ ಬಿದ್ದಿಲ್ಲ. ಈ ಪೈಪು ಒಡೆದರೆ ಅದರ ಸಣ್ಣ ಬಾಯಿಂದ ನಿಮಿಷಕ್ಕೆ 10-12 ಲೀಟರ್ ಹೋಗಬಹುದು. ಒಂದೂವರೆ ಗಂಟೆಯ ಹೊತ್ತಿಗೆ ಟ್ಯಾಂಕು ಬರಿದು. ನಳಕ್ಕೆ ದಿನ ಬಿಟ್ಟು ದಿನ ನೀರು ಬರುವ ಊರಲ್ಲಿ ಕಪಾಟು ನೆನೆದದ್ದಕ್ಕಿಂತ ಇದೇ ದೊಡ್ಡ ನಷ್ಟ. ಟ್ಯಾಂಕಿಗೆ ಆಟೋಮ್ಯಾಟಿಕ್ ಮೋಟಾರ್ ಇದ್ದರಂತೂ ಸಂಪಿನ ನೀರೂ ಅದೇ ದಾರಿ ಹಿಡಿಯುತ್ತದೆ.

ಪೈಪ್ ಬಿಚ್ಚುವ ಮೊದಲು ಮಾಡಬೇಕಾದ, ಆದರೆ ಯಾರೂ ಮಾಡದ ಪರೀಕ್ಷೆ ಕಾಕ್‌ನದ್ದು. ಕಾಕ್ ಪೂರ್ತಿ ಮುಚ್ಚಿ, ಮೇಲಿನ ನಳ ಬಿಸಿನೀರಿನ ಕಡೆಗೆ ತೆರೆಯಬೇಕು. ಪೈಪಿನಲ್ಲಿ ಉಳಿದ ನೀರು ಹೋದ ಮೇಲೆ ಧಾರೆ ನಿಲ್ಲಬೇಕು. ಭಾಲ್ಕಿಯ ಆ ಮನೆಯಲ್ಲಿ ನಿಲ್ಲಲಿಲ್ಲ ಎಂದುಕೊಳ್ಳಿ. ಆಗ ಕಾಕ್ ಸಹ ಬದಲಾಗಬೇಕು. ಪೈಪ್ ಒಡೆದ ರಾತ್ರಿ ನಿಮ್ಮ ಕೈಗೆ ಮೊದಲು ಸಿಗುವುದು ಈ ಕಾಕ್. ಅದೇ ಮುಚ್ಚದಿದ್ದರೆ ಹೊಸ ಪೈಪ್ ಹಾಕಿ ಏನು ಬಂತು? ಹಳೆಯ ತಿರುಪಿನ ಹಿತ್ತಾಳೆ ಕಾಕ್ ಆಗಿದ್ದರೆ ಕೆಲವು ರೂಪಾಯಿಯ ವಾಷರ್ ಬದಲಿಸಿದರೆ ಸಾಕು. ಅದನ್ನು ಉಳಿಸಿಕೊಳ್ಳುವ ನಮ್ಮ ಹಿರಿಯ ಪ್ಲಂಬರ್‌ಗಳ ರೂಢಿ ಮೆಚ್ಚುವಂಥದ್ದು. ಕಾಲು ಸುತ್ತಿನ ಹೊಸ ಕಾಕ್‌ಗಳಲ್ಲಿ ಸೆರಾಮಿಕ್ ಬಿಲ್ಲೆಗಳಿರುತ್ತವೆ. ವರ್ಷಗಟ್ಟಲೆ ತಿರುಗಿಸದಿದ್ದರೆ ಸುಣ್ಣ ಕಟ್ಟಿ ಬಿಗಿಯುತ್ತವೆ. ಬಿಗಿದದ್ದಕ್ಕೆ ಪಾನಾ ಹಾಕಿದರೆ ಒಳಗಿನ ಕಡ್ಡಿ ಮುರಿದು ಹಿಡಿ ಬರಿದೇ ಸುತ್ತುತ್ತದೆ.

ಗೀಸರ್ ಸ್ವಿಚ್ ಆರಿಸಿ, ಬಿಸಿ ಇಳಿಯಲು ಬಿಟ್ಟು, ಟ್ಯಾಂಕಿನ ಬಳಿಯ ವಾಲ್ವ್ ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ನಳ ತೆರೆದು ಲೈನ್ ಖಾಲಿ ಮಾಡಬೇಕು. ಕಾಕ್ ಬಿಚ್ಚುವಾಗ ಅದರ ಜೊತೆ ಗೋಡೆಯೊಳಗಿನ ಎಲ್ಬೋ ತಿರುಗುತ್ತಿದೆ ಎನಿಸಿದರೆ ಅಲ್ಲೇ ನಿಲ್ಲಿಸಬೇಕು. ಸಿಪಿವಿಸಿ ಎಲ್ಬೋ ಒಳಗೆ ಕೂರಿಸಿದ ಹಿತ್ತಾಳೆ ಬಳೆ ಸಡಿಲಾದರೆ ಟೈಲ್ಸ್ ಒಡೆಯದೆ ಬೇರೆ ದಾರಿಯಿಲ್ಲ. ಹಳೆಯ ಟೇಪ್ ಕೆರೆದು ತೆಗೆದು, ಹೊಸ ಕಾಕ್‌ನ ಥ್ರೆಡ್ಡು ನಮ್ಮ ಕಡೆಗಿರುವಂತೆ ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿಗೆ ಹತ್ತು ಹನ್ನೆರಡು ಸುತ್ತು ಟೆಫ್ಲಾನ್ ಟೇಪ್ ಬಿಗಿಯಾಗಿ ಸುತ್ತಬೇಕು. ಕಾಕನ್ನು ಗೋಡೆಗೆ ತಿರುಗಿಸಿ ಕೂರಿಸುವಾಗ ಅದರ ಬಾಯಿ ಮೇಲಕ್ಕೆ ಬರುವಷ್ಟಕ್ಕೆ ನಿಲ್ಲಿಸಬೇಕು. ದಾಟಿದರೆ ಹಿಂದಕ್ಕೆ ತಿರುಗಿಸದೆ ಬಿಚ್ಚಿ ಮತ್ತೆ ಟೇಪ್ ಸುತ್ತಬೇಕು. ಹಿಂದೆ ತಿರುಗಿಸಿದ ಥ್ರೆಡ್ಡು ಸೋರುತ್ತದೆ. ಪೈಪ್ ಜೋಡಿಸುವ ಮೊದಲು ಟ್ಯಾಂಕಿನ ವಾಲ್ವ್ ತೆರೆದು, ಮಗ್ಗು ಹಿಡಿದು ಕಾಕ್ ಕೆಲವು ಕ್ಷಣ ಬಿಟ್ಟರೆ ಲೈನಿನ ಮರಳು, ಟೇಪಿನ ಚೂರು ಹೊರಬೀಳುತ್ತವೆ.

ಇಲ್ಲಿಂದ ಮುಂದೆ ನಮ್ಮ ರೂಢಿಯ ಅತಿ ದೊಡ್ಡ ದೋಷ ಕಾಣುತ್ತದೆ. ಕನೆಕ್ಷನ್ ಪೈಪಿನ ನಟ್ಟಿಗೂ ಟೇಪ್ ಸುತ್ತಿ, ಪಾನಾ ಹಾಕಿ ಮೈಭಾರ ಬಿಟ್ಟು ಬಿಗಿಯುತ್ತಾರೆ. ಆ ನಟ್ಟು ನೀರು ತಡೆಯುವುದು ಥ್ರೆಡ್ಡಿನಿಂದಲ್ಲ, ಒಳಗಿನ ರಬ್ಬರ್ ವಾಷರ್‌ನಿಂದ. ಟೇಪ್ ಅಲ್ಲಿ ನಿರುಪಯೋಗಿ, ಅತಿ ಬಿಗಿತ ವಾಷರ್ ಕೊರೆದು ನಟ್ಟಿಗೆ ಬಿರುಕು ತರುತ್ತದೆ. ಕೈಯಿಂದ ಬಿಗಿಯಾದ ಮೇಲೆ ಪಾನಾದಲ್ಲಿ ಕಾಲು ಸುತ್ತು ಸಾಕು. ಮಿಕ್ಸರ್‌ನ ಕೆಳಗೆ ಸೇರುವ ಸಣ್ಣ ತುದಿಗೆ ಒ-ರಿಂಗ್ ಇದ್ದರೆ ಕೈಬಿಗಿತವೇ ಸಾಕು. ಪೈಪ್ ತಿರುಚಬಾರದು. ಬಳೆಯ ಬುಡದಲ್ಲೇ ಬಗ್ಗಿಸದೆ ಎರಡೂ ತುದಿಯಲ್ಲಿ ನಾಲ್ಕೈದು ಸೆಂಟಿಮೀಟರ್ ನೇರ ಬಿಟ್ಟು ದುಂಡಗೆ ಬಳುಕಿಸಬೇಕು. 18 ಇಂಚು ಎಳೆದಂತಾದರೆ 24 ಇಂಚಿನದು ತರಬೇಕು. ಕೊನೆಗೆ ಗೀಸರ್ ಹಚ್ಚಿ, ಬಿಸಿನೀರು ಹರಿಸಿ, ಪ್ರತಿ ನಟ್ಟಿಗೂ ಒಣ ಟಿಶ್ಯೂ ಕಾಗದ ಸುತ್ತಿ ಬೆಳಗಿನ ತನಕ ಬಿಡಬೇಕು. ತೇವ ತಾಗಿದ ಕಾಗದ ಒಣಗಿದ ಮೇಲೂ ಮುದುರಿ ಗುರುತು ಹೇಳುತ್ತದೆ.

ಈ ಪರೀಕ್ಷೆಗಳಿಗೂ ಮಿತಿಯಿದೆ. ಒಳಗಿನ ರಬ್ಬರ್ ಎಷ್ಟು ಸೆಟೆದಿದೆ ಎಂದು ಹೊರಗಿನಿಂದ ತಿಳಿಯದು. ಆದ್ದರಿಂದ ಬಿಸಿನೀರಿನ ಪೈಪಿಗೆ, ಪ್ರೆಶರ್ ಪಂಪ್ ಹಾಕಿಸಿದ ಮನೆಯ ಎರಡೂ ಪೈಪಿಗೆ ಐದು ವರ್ಷದ ನಿಯಮ ಸರಿಯೇ. ಟ್ಯಾಂಕಿನ ಭಾರಕ್ಕೆ ಇಳಿಯುವ ತಣ್ಣೀರಿನ ಜಾಳಿಗೆ ಪೈಪು ಉಂಗುರ, ಮುರಿದ ತಂತಿ, ಉಬ್ಬು ಯಾವುದೂ ಇಲ್ಲದಿದ್ದರೆ ಇನ್ನಷ್ಟು ಕಾಲ ಇರಲಿ. ಆಸಿಡ್ ಬಾಟಲಿ ಮಾತ್ರ ಇವತ್ತೇ ಆ ಕಪಾಟಿನಿಂದ ಹೊರಹೋಗಬೇಕು, ಕಾಕ್‌ಗಳನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಮುಚ್ಚಿ ತೆರೆಯಬೇಕು. ಪ್ಲಂಬರ್‌ಗೂ ನಾವು ಬಿಚ್ಚಿ ಬದಲಿಸಿದ್ದಕ್ಕಷ್ಟೇ ಕೂಲಿ ಕೊಟ್ಟರೆ ಅವನು ಸೋರುವ ತನಕ ಕಾಯುವುದು ಸಹಜ. ಬೇಸಿನ್ ಕೆಳಗೆ ಕೂತು ಕಾಕ್ ಮುಚ್ಚಿ ನೋಡಿ, ಎರಡೂ ಪೈಪ್ ಪರೀಕ್ಷಿಸಿ "ಇದು ಇರಲಿ, ಅದು ಬೇಡ" ಎಂದು ಹೇಳಿದ್ದಕ್ಕೂ ಕೂಲಿ ಕೊಡುವ ಪದ್ಧತಿ ಬಂದರೆ, ಆ ತೀರ್ಮಾನವೇ ಅವನ ಕಸುಬಿನ ಭಾಗವಾಗುತ್ತದೆ.