ಮುಂಡಗೋಡವನ್ನು ‘ಮಂಡ್‌ಗಾಡ್’ ಎನ್ನುವ ಯಂತ್ರ

ಬರಹವನ್ನು ಓದಿ ಹೇಳುವ ಯಂತ್ರದ ದನಿ ಚೆನ್ನಾಗಿದೆಯೇ ಎಂದು ಪರೀಕ್ಷಿಸಲು ಕೆಲವರು ಪತ್ರಿಕೆಯ ಸಂಪಾದಕೀಯ ಕೊಡುತ್ತಾರೆ, ಕೆಲವರು ವಚನ ಕೊಡುತ್ತಾರೆ. ಎರಡನ್ನೂ ಅದು ಚೆಂದವಾಗಿಯೇ ಓದುತ್ತದೆ. ನಾನು ಕೊಡುವುದು ಬಸ್ ಸ್ಟ್ಯಾಂಡಿನ ಕನ್ನಡ. ಹಳಿಯಾಳ, ದಾಂಡೇಲಿಯ ಮೊಬೈಲುಗಳಲ್ಲಿ ಹರಿದಾಡುವ ಧಾಟಿಯಲ್ಲಿ ಈ ಸಾಲುಗಳನ್ನು ನಾನೇ ಕಟ್ಟಿದ್ದೇನೆ:

```
Haliyal-Mundgod busನ time change ಆಗಿದೆ.
5:30ಕ್ಕೆ depotನಿಂದ ಬಿಡುತ್ತದೆ.
luggage vanನಲ್ಲಿ ಹಾಕಿ.
```

ಇದನ್ನು ಎಡವದೆ ಓದುವ ದನಿ ಸಿಕ್ಕರೆ ಉಳಿದದ್ದನ್ನು ಅದು ಹೇಗೂ ಓದುತ್ತದೆ.

ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಇ-ಸ್ಪೀಕ್ ಎನ್‌ಜಿ ತಂತ್ರಾಂಶದಿಂದ ಶುರು ಮಾಡೋಣ. ದೃಷ್ಟಿ ಇಲ್ಲದವರು ಕಂಪ್ಯೂಟರಿನಲ್ಲಿ ಬಳಸುವ ಎನ್‌ವಿಡಿಎ ಜೊತೆಗೆ ಬರುವುದು ಇದೇ. ದನಿ ಒರಟು, ಆದರೆ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಬರೆದು ತೋರಿಸುತ್ತದೆ. ಹೀಗೆ ಕೇಳಿ:

```
espeak-ng -v kn -q --ipa "busನ time"
```

ಉತ್ತರದಲ್ಲಿ ಉಚ್ಚಾರದ ಚಿಹ್ನೆಗಳ ನಡುವೆ `(en)` ಮತ್ತು `(kn)` ಎಂಬ ಗುರುತುಗಳು ಬಂದರೆ ರೋಗ ಸಿಕ್ಕಿತು ಎಂದೇ ಅರ್ಥ. ರೋಮನ್ ಅಕ್ಷರ ಕಂಡಲ್ಲಿ ಯಂತ್ರ ಇಂಗ್ಲಿಷ್ ನಿಯಮಗಳಿಗೆ ಹಾರುತ್ತದೆ, ಕನ್ನಡ ಅಕ್ಷರ ಕಂಡಲ್ಲಿ ವಾಪಸು ಬರುತ್ತದೆ. ಎರಡು ಲಿಪಿ ಒಂದೇ ಪದದಲ್ಲಿ ಅಂಟಿಕೊಂಡಿದ್ದರೆ ಅದನ್ನು ಎರಡು ಪದವಾಗಿ ಸೀಳುತ್ತದೆ. ಹಾಗಾಗಿ ‘ಬಸ್ಸಿನ’ ಎಂದು ಒಂದೇ ಉಸಿರಲ್ಲಿ ಬರಬೇಕಾದದ್ದು ‘ಬಸ್’ ಆಗಿ ನಿಂತು, ಆಮೇಲೆ ಎಲ್ಲಿಂದಲೋ ಒಂದು ‘ನ’ ಬಂದು ಬೀಳುತ್ತದೆ. ಊರ ಹೆಸರುಗಳ ಗತಿ ಇನ್ನೂ ಕೆಟ್ಟದ್ದು. ಇಂಗ್ಲಿಷಿನ ಬಾಯಲ್ಲಿ ಮುಂಡಗೋಡ ‘ಮಂಡ್‌ಗಾಡ್’ ಆಗುತ್ತದೆ, ಜೋಯಿಡಾ ‘ಜಾಯ್ಡಾ’ ಆಗುತ್ತದೆ.

ಹೊಸ ಕಾಲದ, ಮನುಷ್ಯರ ರೆಕಾರ್ಡಿಂಗಿನಿಂದ ಕಲಿತ ದನಿಗಳಲ್ಲಿ ತೊಂದರೆ ಬೇರೆ ಥರ. ಕನ್ನಡ ಅಕ್ಷರಗಳನ್ನಷ್ಟೇ ಕಲಿತ ಮಾದರಿಗೆ ರೋಮನ್ ಅಕ್ಷರ ಕೊಟ್ಟರೆ ಅದು ತಪ್ಪಾಗಿ ಓದುವುದಿಲ್ಲ, ನುಂಗಿಬಿಡುತ್ತದೆ. ನಮ್ಮ ಮೊದಲ ಸಾಲು ‘ನ ಆಗಿದೆ’ ಎಂದಷ್ಟೇ ಉಳಿದೀತು. ದನಿ ಇಂಪಾಗಿರುವುದರಿಂದ ಅರ್ಧ ಮಾತು ಹೋದದ್ದು ಮೊದಲ ಸಲ ಗೊತ್ತೂ ಆಗುವುದಿಲ್ಲ. ಮದರಾಸಿನ ಐಐಟಿಯ ಎಐ4ಭಾರತ್ ತಂಡ ಕನ್ನಡವೂ ಸೇರಿದ ತನ್ನ ದನಿಗಳ ಮುಂದೆ ಒಂದು ಲಿಪ್ಯಂತರ ಯಂತ್ರವನ್ನು ಕೂರಿಸಿದ್ದು ಇದಕ್ಕಾಗಿಯೇ: ರೋಮನ್ ಪದ ಮೊದಲು ಕನ್ನಡ ಲಿಪಿಗೆ ಬರುತ್ತದೆ, ಆಮೇಲೆ ದನಿಗೆ ಹೋಗುತ್ತದೆ.

ದಾರಿ ಅದೇ ಸರಿ ಎಂದು ನನ್ನ ಅಭಿಪ್ರಾಯ. ಹಳಿಯಾಳದ ಕಂಡಕ್ಟರು ‘ಟೈಮ್ ಚೇಂಜ್’ ಎನ್ನುವಾಗ ಲಂಡನ್ನಿಗೆ ಹೋಗಿ ಬರುವುದಿಲ್ಲ. ಅವರ ಟಕಾರ ನಮ್ಮ ಟಕಾರವೇ. ದನಿ ಬದಲಿಸುವುದಕ್ಕಿಂತ ಪದವನ್ನು ಕನ್ನಡ ಬಾಯಿಗೆ ತರುವುದು ಲೇಸು. ಆದರೆ ಲಿಪ್ಯಂತರ ಯಂತ್ರವನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. Haliyal ಎಂಬ ಅಕ್ಷರಗಳಲ್ಲಿ ಳಕಾರದ ಸುಳಿವು ಎಲ್ಲಿದೆ? ಜೋಯಿಡಾ ತಾಲ್ಲೂಕಿನ Castlerock ಎಂಬ ರೈಲು ನಿಲ್ದಾಣದ ಹೆಸರಿನಲ್ಲಿ ಟಿ ಅಕ್ಷರ ಮೌನ ಎಂದು ಅದಕ್ಕೆ ಹೇಳುವವರು ಯಾರು? ಊರ ಹೆಸರಿಗೆ ಪಟ್ಟಿಯೇ ಬೇಕು, ಬೇರೆ ಉಪಾಯ ಇಲ್ಲ.

ಉಳಿದ ಪದಗಳಿಗೆ ಪಟ್ಟಿಯ ಜೊತೆ ಒಂದಿಷ್ಟು ವ್ಯಾಕರಣವೂ ಬೇಕು. ಒಂದೇ ಸ್ವರದ ಪದದಲ್ಲಿ ಹ್ರಸ್ವ ಸ್ವರದ ಮುಂದೆ ಒಂದೇ ವ್ಯಂಜನ ಇದ್ದರೆ ನಾವು ಅದನ್ನು ಇಮ್ಮಡಿಸುತ್ತೇವೆ: ಬಸ್ಸು, ಪೆನ್ನು, ಬಿಲ್ಲು. ದೀರ್ಘವಿದ್ದರೆ ಇಲ್ಲ: ಕಾರು, ರೋಡು, ಫೋನು. ವಿಭಕ್ತಿ ಅದರ ಮೇಲೆ ಕೂರುತ್ತದೆ, ಬಸ್ಸಿನ, ರೋಡಿನ ಎಂದು. ಇಷ್ಟನ್ನು ಯಂತ್ರಕ್ಕೆ ಕಲಿಸಿದರೆ ಬಹುಪಾಲು ಪದಗಳು ದಾರಿಗೆ ಬರುತ್ತವೆ. ಆದರೆ ನಮ್ಮ ಎರಡನೇ ಸಾಲಿನ depotನಿಂದ ಎಂಬುದನ್ನು ನೋಡಿ. ಬರೆಯುವವರ ಕಣ್ಣಿಗೆ ಪದ ಟಿ ಅಕ್ಷರದಲ್ಲಿ ಮುಗಿಯಿತು, ಆದ್ದರಿಂದ ‘ನಿಂದ’ ಅಂಟಿಸಿದರು. ಕಿವಿಗೆ ಅದು ಓಕಾರದಲ್ಲಿ ಮುಗಿಯುತ್ತದೆ, ಹಾಗಾಗಿ ಬಾಯಲ್ಲಿ ‘ಡಿಪೋದಿಂದ’. ಇಲ್ಲಿ ಮೂಲಪದದ ಜೊತೆ ಪ್ರತ್ಯಯವನ್ನೂ ಬದಲಿಸಬೇಕು. 5:30ಕ್ಕೆ ಎಂಬುದೂ ಹಾಗೆಯೇ, ‘ಐದೂವರೆಗೆ’ ಎಂದಾಗಲೇ ಅದು ಕನ್ನಡ. ಇಂಥವನ್ನು padagalu.sed ಎಂಬ ಒಂದು ಪಠ್ಯ ಕಡತದಲ್ಲಿ ಬರೆದಿಟ್ಟುಕೊಳ್ಳಬಹುದು:

```
s/depotನಿಂದ/ಡಿಪೋದಿಂದ/g
s/5:30ಕ್ಕೆ/ಐದೂವರೆಗೆ/g
s/busನ /ಬಸ್ಸಿನ /g
s/Haliyal/ಹಳಿಯಾಳ/g
s/Mundgod/ಮುಂಡಗೋಡ/g
```

ಪ್ರತ್ಯಯ ಅಂಟಿದ ಉದ್ದ ರೂಪ ಮೇಲಿರಲಿ, ಬರೀ ಪದ ಕೆಳಗಿರಲಿ. ಇಲ್ಲದಿದ್ದರೆ ಮೊದಲು depot ಮಾತ್ರ ‘ಡಿಪೋ’ ಆಗಿ, ‘ನಿಂದ’ ಅನಾಥವಾಗಿ ಉಳಿಯುತ್ತದೆ. ಉಳಿದ ಪದಗಳನ್ನೂ ಸೇರಿಸಿ, ಬಸ್ಸಿನ ಸಾಲುಗಳನ್ನು suddi.txt ಎಂಬ ಇನ್ನೊಂದು ಕಡತದಲ್ಲಿಟ್ಟು, ಓದಿಸುವ ಮುನ್ನ ಈ ಜರಡಿ ಹಾಯಿಸಿ:

```
sed -f padagalu.sed suddi.txt | espeak-ng -v kn
```

ಎನ್‌ವಿಡಿಎ ಬಳಸುವವರು ಇದೇ ಜೋಡಿಗಳನ್ನು ಅದರ ಮಾತಿನ ನಿಘಂಟಿಗೆ ತುಂಬಬಹುದು.

ಈಗ ಮೂರನೇ ಸಾಲಿನ ವ್ಯಾನು. ನನಗೆ ಎಲ್ಲಕ್ಕಿಂತ ಇಷ್ಟವಾದ ಗಂಟು ಇದು. ವ್ಯಾನಿನ, ಬ್ಯಾಂಕಿನ ಬಾಯಗಲದ ಸ್ವರಕ್ಕೆ ಕನ್ನಡದಲ್ಲಿ ಬೇರೆ ಅಕ್ಷರ ಇಲ್ಲ, ಯಕಾರದ ಒತ್ತು ಕೊಟ್ಟು ದೀರ್ಘ ಎಳೆದು ಕೆಲಸ ಸಾಗಿಸುತ್ತೇವೆ. ಅಕ್ಷರವನ್ನೇ ನಂಬಿದ ಯಂತ್ರ ಅಲ್ಲಿ ಯಕಾರವನ್ನು ಬಿಡದೆ ಉಚ್ಚರಿಸುತ್ತದೆ, ‘ಬ್‌ಯಾಂಕ್’ ಎನ್ನುತ್ತದೆ. ಹಾಗೆಂದು ಎಲ್ಲ ಕಡೆ ಯಕಾರ ಕಿತ್ತುಹಾಕಿದರೆ ಧ್ಯಾನವೂ ತ್ಯಾಗವೂ ಕೆಡುತ್ತವೆ.

ಸ್ವಲ್ಪ ಕಿವಿಗೊಟ್ಟರೆ ಒಂದು ನಿಯಮ ಸಿಗುತ್ತದೆ. ಪದದ ಮೊದಲಲ್ಲಿ ಬ್ಯಾ, ಕ್ಯಾ, ಗ್ಯಾ, ಟ್ಯಾ, ಪ್ಯಾ, ಮ್ಯಾ ಬಂದರೆ ಅದು ಹೆಚ್ಚುಕಡಿಮೆ ಯಾವಾಗಲೂ ಬಾಯಗಲದ ಸ್ವರವೇ: ಬ್ಯಾಗು, ಕ್ಯಾಮೆರಾ, ಗ್ಯಾಸು, ಮ್ಯಾನೇಜರು. ನಮ್ಮ ಕಡೆಯ ‘ಬ್ಯಾಡ’, ‘ಮ್ಯಾಲ’, ‘ಪ್ಯಾಟಿ’ ಕೂಡ ಇದೇ ಸ್ವರದವು, ಆದ್ದರಿಂದ ಇಂಗ್ಲಿಷಿಗೆಂದು ಮಾಡಿದ ನಿಯಮ ಹಳಿಯಾಳದ ಮಾತನ್ನೂ ಪುಕ್ಕಟೆ ಸರಿಪಡಿಸುತ್ತದೆ. ಪದದ ನಡುವೆ ಮಾತ್ರ ಇದನ್ನು ಬಳಸಬಾರದು, ಅಭ್ಯಾಸ ಮತ್ತು ಕಲ್ಯಾಣ ಅಲ್ಲಿ ಕಾದು ಕುಳಿತಿವೆ. ಧ್ಯಾ, ತ್ಯಾ, ಖ್ಯಾ ಮೊದಲಲ್ಲಿದ್ದರೆ ಸಂಸ್ಕೃತದ್ದು, ಮುಟ್ಟಬೇಡಿ. ಜಗಳ ಮುಖ್ಯವಾಗಿ ಉಳಿಯುವುದು ವ್ಯಾ ಮತ್ತು ನ್ಯಾ ಎರಡರಲ್ಲಿ. ವ್ಯಾಪಾರ ಒಂದು ಕಡೆ, ವ್ಯಾನು ಇನ್ನೊಂದು ಕಡೆ. ಇಲ್ಲಿ ನ್ಯಾಯ, ಅಲ್ಲಿ ನ್ಯಾಷನಲ್. ಇವಕ್ಕೆ ನಿಯಮ ಒಗ್ಗದು, ಪದ ಪದವಾಗಿಯೇ ಪಟ್ಟಿ ಮಾಡಬೇಕು. ಆ ಸ್ವರವೇ ಇಲ್ಲದ ದನಿಗೆ ‘ವೇನು’, ‘ಬೇಂಕು’ ಎಂದು ಬರೆದು ಕೊಡಿ. ಪರದೆಯ ಮೇಲಿನ ಕಾಗುಣಿತ ಹಾಗೇ ಇರುತ್ತದೆ, ಕಿವಿಗೆ ಮಾತ್ರ ಹತ್ತಿರದ್ದು ಸಿಗುತ್ತದೆ.

ರೆಕಾರ್ಡಿಂಗಿನಿಂದ ಕಲಿತ ದನಿಗೆ ಈ ಭೇದ ತಾನಾಗಿ ತಿಳಿಯಬಹುದು, ಓದಿಕೊಟ್ಟವರು ಬ್ಯಾಂಕನ್ನೂ ಧ್ಯಾನವನ್ನೂ ಸಾಕಷ್ಟು ಸಲ ಓದಿದ್ದರೆ ಮಾತ್ರ. ಅವರಿಗೆ ಬರೀ ಕಥೆ ಕಾದಂಬರಿ ಓದಿಸಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಅದು ತೊದಲುತ್ತದೆ. ಹೊಸ ದನಿ ಸಿಕ್ಕಾಗ ‘ವ್ಯಾಪಾರಿ ವ್ಯಾನಿನಲ್ಲಿ ಬಂದ’ ಎಂದು ಓದಿಸಿ. ಎರಡು ‘ವ್ಯಾ’ಗಳೂ ಒಂದೇ ಥರ ಕೇಳಿದರೆ ಆ ದನಿಗೆ ಪಟ್ಟಿ ಬೇಕು.

ಹಳಿಯಾಳ, ದಾಂಡೇಲಿ, ಮುಂಡಗೋಡ, ಜೋಯಿಡಾ ಈ ನಾಲ್ಕೂ ತಾಲ್ಲೂಕುಗಳ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರು, ಕೇರಿ, ಬಸ್ ಸ್ಟಾಪಿನ ಹೆಸರು ಇಂಗ್ಲಿಷ್ ಬೋರ್ಡಿನಲ್ಲಿ ಹೇಗಿದೆಯೋ ಹಾಗೆ ಬರೆದು, ಪಕ್ಕದಲ್ಲಿ ನೀವು ಕರೆಯುವ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಸಾಲಿಗೊಂದು ಜೋಡಿ ಸಾಕು. ಜೋಯಿಡಾದ ಕೊಂಕಣಿ ಹೆಸರುಗಳಿದ್ದರೆ ಅವನ್ನು ಬಿಡದೆ ಸೇರಿಸಿ ಈ ಅಂಕಣದ ವಿಳಾಸಕ್ಕೆ ಕಳುಹಿಸಿ.