ಕಮೆಂಟಿಗೆ ಕೊಟ್ಟ ಕೊಂಡಿ ಎಷ್ಟು ದಿನ ಬಾಳುತ್ತದೆ?

ಬ್ಲಾಗುಗಳಲ್ಲಿ ಎಷ್ಟೋ ಸಲ ಮೂಲ ಬರಹಕ್ಕಿಂತ ಅದರ ಕೆಳಗಿನ ಒಂದು ಕಮೆಂಟೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಶಾಸನದ ಓದಿನಲ್ಲಿದ್ದ ತಪ್ಪನ್ನು ತಿದ್ದಿದವರು, ಊರಿನ ಹಳೆಯ ಹೆಸರನ್ನು ನೆನಪು ಮಾಡಿಕೊಟ್ಟವರು ಅಲ್ಲಿ ನಾಲ್ಕು ಸಾಲು ಬರೆದು ಹೋಗಿರುತ್ತಾರೆ. ಅದನ್ನು ಲೇಖನದಲ್ಲೋ ಅಡಿಟಿಪ್ಪಣಿಯಲ್ಲೋ ಉಲ್ಲೇಖಿಸಬೇಕಾದರೆ ಆ ಒಂದು ಕಮೆಂಟಿಗೇ ನೇರವಾಗಿ ಹೋಗುವ ಕೊಂಡಿ ಬೇಕು. ಅಂಥ ಕೊಂಡಿ ಸುಲಭವಾಗಿ ಸಿಗುತ್ತದೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವರ್ಡ್‌ಪ್ರೆಸ್‌ ಇಟ್ಟುಕೊಂಡು ನೋಡೋಣ. ಕನ್ನಡದ ಬಹಳಷ್ಟು ಬ್ಲಾಗುಗಳು, ಪತ್ರಿಕಾ ತಾಣಗಳು ಅದರ ಮೇಲೇ ನಿಂತಿವೆ.

ವರ್ಡ್‌ಪ್ರೆಸ್‌ ತಾಣದಲ್ಲಿ ಕಮೆಂಟು ಬರೆದವರ ಹೆಸರಿನ ಹತ್ತಿರ ಇರುವ ತಾರೀಕು, ಸಮಯವೇ ಸಾಮಾನ್ಯವಾಗಿ ಕೊಂಡಿ. ಅದರ ಮೇಲೆ ಬಲಗುಂಡಿ ಒತ್ತಿ, ಮೊಬೈಲಿನಲ್ಲಾದರೆ ಬೆರಳು ಒತ್ತಿ ಹಿಡಿದು, ಕೊಂಡಿಯನ್ನು ನಕಲು ಮಾಡಿದರೆ ಇಂಥದ್ದೊಂದು ಸಿಗುತ್ತದೆ:

```
https://example.org/halmidi/comment-page-2/#comment-890
```

ಇದರಲ್ಲಿ ಮೂರು ತುಂಡುಗಳಿವೆ. ಮೊದಲನೆಯದು ಬರಹದ ವಿಳಾಸ, ನಡುವಿನದು ಕಮೆಂಟುಗಳ ಎರಡನೆಯ ಪುಟ, ಕೊನೆಯದು ಆ ಕಮೆಂಟಿನ ಸಂಖ್ಯೆ. ತಾಣದಲ್ಲಿ ದಾಖಲಾಗುವ ಪ್ರತಿ ಕಮೆಂಟಿಗೂ ವರ್ಡ್‌ಪ್ರೆಸ್‌ ಒಂದು ಸಂಖ್ಯೆ ಕೊಡುತ್ತದೆ. ಅದೇ ತಾಣದಲ್ಲಿ ಉಳಿದಿರುವಷ್ಟು ಕಾಲ ಆ ಸಂಖ್ಯೆ ಬದಲಾಗುವುದಿಲ್ಲ, ಅಳಿಸಿ ಹೋದ ಕಮೆಂಟಿನ ಸಂಖ್ಯೆಯನ್ನು ಹೊಸದಕ್ಕೆ ಹಚ್ಚುವುದೂ ಇಲ್ಲ. ಈ ಭಾಗದ ರಚನೆ ಗಟ್ಟಿಯಾಗಿದೆ. ಕೊಂಡಿ ಸಡಿಲವಾಗಿರುವುದು ನಡುವಿನ ತುಂಡಿನಲ್ಲಿ.

ಕಮೆಂಟುಗಳನ್ನು ಪುಟಪುಟವಾಗಿ ಒಡೆಯುವ ಆಯ್ಕೆ ತಾಣದ ಒಡೆಯರ ಕೈಯಲ್ಲಿರುತ್ತದೆ. ಹೊಸ ತಾಣದಲ್ಲಿ ಅದು ಚಾಲೂ ಇರುವುದಿಲ್ಲ. ಚಾಲೂ ಮಾಡಿದರೆ, ಬೇರೆ ಅಂಕಿ ಕೊಡದಿದ್ದಲ್ಲಿ, ಪುಟಕ್ಕೆ 50 ಕಮೆಂಟು. ಉತ್ತರವಾಗಿ ಬಂದವು ಈ ಲೆಕ್ಕಕ್ಕೆ ಸೇರದೆ ತಮ್ಮ ಮೂಲ ಕಮೆಂಟಿನ ಜೊತೆಗೇ ಇರುತ್ತವೆ. ಯಾವ ಕಮೆಂಟು ಎಷ್ಟನೆಯ ಪುಟದಲ್ಲಿದೆ ಎಂಬುದು ಎಲ್ಲೂ ಬರೆದಿಟ್ಟ ಮಾತಲ್ಲ. ಅದಕ್ಕಿಂತ ಮೊದಲು ಬಂದವು ಎಷ್ಟು ಎಂದು ಎಣಿಸಿ ಕೊಂಡಿ ತಯಾರಾಗುತ್ತದೆ. ಎಂದರೆ ನಾವು ನಕಲು ಮಾಡಿಕೊಂಡದ್ದು ಆ ದಿನದ ಎಣಿಕೆಯನ್ನು.

ಒಂದು ಲೆಕ್ಕ ಹಾಕಿ ನೋಡೋಣ. ಬರಹಕ್ಕೆ 80 ಕಮೆಂಟು ಬಂದಿವೆ, ಉತ್ತರಗಳನ್ನು ಬಿಟ್ಟು. ನಮಗೆ ಬೇಕಾದ 890ನೇ ಸಂಖ್ಯೆಯದು ಕಾಲಕ್ರಮದಲ್ಲಿ 51ನೆಯದು. ಹಾಗಾಗಿ ಅದು ಎರಡನೆಯ ಪುಟದ ಮೊದಲ ಕಮೆಂಟು. ಮುಂದಿನ ತಿಂಗಳು ತಾಣದ ಒಡೆಯರು ಮೊದಲ ಪುಟದಲ್ಲಿದ್ದ ಯಾವುದೋ ಜಾಹೀರಾತಿನ ಕಮೆಂಟನ್ನು ತೆಗೆದು ಹಾಕುತ್ತಾರೆ. 51ನೆಯದು 50ನೆಯದಾಗಿ ಮೊದಲ ಪುಟಕ್ಕೆ ಜಾರುತ್ತದೆ. ನಮ್ಮ ಹಳೆಯ ಕೊಂಡಿ ಈಗಲೂ ಎರಡನೆಯ ಪುಟವನ್ನೇ ತೆರೆಯುತ್ತದೆ. ಅಲ್ಲಿ ಬೇರೆ 29 ಕಮೆಂಟುಗಳಿವೆ, ನಮ್ಮದಿಲ್ಲ. ಒಡೆಯರು ನಮ್ಮ ಕಮೆಂಟನ್ನು ಮುಟ್ಟಿಲ್ಲ, ಬರಹವನ್ನೂ ಮುಟ್ಟಿಲ್ಲ. ಆದರೂ ಕೊಂಡಿ ತಪ್ಪಿತು. ಪುಟಕ್ಕೆ 50 ಎಂದಿದ್ದನ್ನು 20 ಮಾಡಿದರಂತೂ ಗೊಂದಲ ಇನ್ನೂ ದೊಡ್ಡದು. ಪುಟ ಒಡೆಯದೆ ಇದ್ದ ತಾಣದಲ್ಲಿ ಒಡೆಯಲು ಶುರುಮಾಡಿದ ದಿನ, ಪುಟಸಂಖ್ಯೆ ಇಲ್ಲದ ಹಳೆಯ ಕೊಂಡಿಗಳೆಲ್ಲ ಆ ತಾಣ ಮೊದಲಿಗೆ ತೋರಿಸುವ ಒಂದೇ ಪುಟಕ್ಕೆ ಬಂದು ನಿಲ್ಲುತ್ತವೆ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು, ಕೊಂಡಿ ತಪ್ಪಿದ್ದು ಯಾರಿಗೂ ತಿಳಿಯದೆ ಹೋಗುವುದು. ವಿಳಾಸದಲ್ಲಿ # ಗುರುತಿನಿಂದ ಮುಂದಿರುವುದನ್ನು ಬ್ರೌಸರ್ ಸರ್ವರಿಗೆ ಕಳಿಸುವುದೇ ಇಲ್ಲ. ಸರ್ವರು ಪುಟವನ್ನಷ್ಟೇ ಕೊಡುತ್ತದೆ. ಆ ಪುಟದೊಳಗೆ comment-890 ಎಂಬ ಗುರುತನ್ನು ಹುಡುಕಿ ಅಲ್ಲಿಗೆ ಸರಿಯುವುದು ಬ್ರೌಸರಿನ ಕೆಲಸ. ಗುರುತು ಸಿಗದಿದ್ದರೆ ಬ್ರೌಸರ್ ಪುಟದ ತಲೆಯಲ್ಲೇ ನಿಲ್ಲುತ್ತದೆ. 404 ಎಂಬ ಸೂಚನೆ ಬರುವುದಿಲ್ಲ. ಕೊಂಡಿ ಒತ್ತಿದ ಓದುಗ ಬರಹದ ಶೀರ್ಷಿಕೆಯನ್ನು ನೋಡಿ ಸರಿಯಾದ ಕಡೆಗೇ ಬಂದೆ ಅಂದುಕೊಳ್ಳುತ್ತಾನೆ. ಉಲ್ಲೇಖಿಸಿದ ಮಾತು ಕಾಣದಿದ್ದಾಗ ಬರೆದವರನ್ನೇ ಅನುಮಾನಿಸುತ್ತಾನೆ. ಕೊಂಡಿ ಒತ್ತಿದಾಗ ಪುಟ ತಲೆಯಲ್ಲೇ ನಿಂತಿತೆಂದರೆ ಏನೋ ತಪ್ಪಿದೆ ಎಂದು ತಿಳಿಯಿರಿ. ಮೊದಲು comment-page-2 ಇದ್ದಲ್ಲಿ 1 ಅಥವಾ 3 ಹಾಕಿ ನೋಡಿ. ಕಮೆಂಟು ತಾಣದಲ್ಲಿ ಉಳಿದಿದ್ದರೆ ಹೆಚ್ಚಿನ ಸಲ ಅಕ್ಕಪಕ್ಕದ ಪುಟದಲ್ಲೇ ಸಿಗುತ್ತದೆ.

ಕನ್ನಡದ ತಲೆಬರಹಗಳಿಗೆ ಇನ್ನೊಂದು ತೊಡಕು ಇದೆ. ವಿಳಾಸ ಕನ್ನಡದಲ್ಲಿದ್ದರೆ ಒಂದೊಂದು ಅಕ್ಷರಚಿಹ್ನೆಯೂ %E0%B2%95 ಎಂಬಂಥ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಂಡು ಕೊಂಡಿ ಮಾರುದ್ದ ಆಗುತ್ತದೆ. ಅದು ಕತ್ತರಿಸಿ ಹೋದಾಗ ಮೊದಲು ಬಿದ್ದುಹೋಗುವುದು ತುದಿಯಲ್ಲಿರುವ ಕಮೆಂಟಿನ ಸಂಖ್ಯೆಯೇ. ಬರಹದ ಸಂಖ್ಯೆ ಗೊತ್ತಿದ್ದರೆ ಇಷ್ಟು ಸಾಕು:

```
https://example.org/?p=412&cpage=2#comment-890
```

ತಾಣ ತನ್ನ ಜಾಗ ಬದಲಿಸಿದಾಗ ಆಗುವ ನಷ್ಟ ಬೇರೆ ಬಗೆಯದು. ವರ್ಡ್‌ಪ್ರೆಸ್‌ನ ರಫ್ತು ಕಡತ ತೆಗೆದು ಹೊಸ ತಾಣಕ್ಕೆ ಸೇರಿಸಿದರೆ ಕಮೆಂಟುಗಳು ಬರುತ್ತವೆ, ಹಳೆಯ ಸಂಖ್ಯೆಗಳು ಬರುವುದಿಲ್ಲ. ಗಟ್ಟಿ ಎಂದುಕೊಂಡ ಕೊನೆಯ ತುಂಡೂ ಅಲ್ಲಿ ಕೈಕೊಡುತ್ತದೆ. ಪೂರ್ತಿ ಡೇಟಾಬೇಸನ್ನೇ ಸಾಗಿಸಿದರೆ ಸಂಖ್ಯೆ ಉಳಿಯುತ್ತದೆ. ತಾಣ ಬದಲಿಸುವವರು ಈ ಒಂದು ವಿಷಯದಲ್ಲಿ ಮುತುವರ್ಜಿ ವಹಿಸಬೇಕು.

ಬ್ಲಾಗ್‌ಸ್ಪಾಟ್‌ ಕೊಂಡಿಯ ರೂಪ ಹೀಗಿರುತ್ತದೆ:

```
https://example.blogspot.com/2013/08/blog-post_20.html?showComment=1377000000000#c5551234567890123456
```

ಇಲ್ಲಿ ಕಮೆಂಟಿನ ಸಮಯ, ಸಂಖ್ಯೆ ಎರಡೂ ಇವೆ. ವರ್ಡ್‌ಪ್ರೆಸ್‌ನಂತೆ ಪುಟದ ಲೆಕ್ಕ ಸೇರಿಕೊಂಡಿಲ್ಲ. ಆದರೆ ಪೆಟ್ಟು ವಿಳಾಸದ ತಲೆಗೇ ಬಿತ್ತು. 2012ರಿಂದ ಕೆಲವು ವರ್ಷ ಗೂಗಲ್ ಭಾರತದ ಓದುಗರನ್ನು blogspot.in ಎಂಬ ವಿಳಾಸಕ್ಕೆ ತಿರುಗಿಸುತ್ತಿತ್ತು. ಆ ಕಾಲದಲ್ಲಿ ಇಲ್ಲಿ ಕುಳಿತು ನಕಲು ಮಾಡಿದ ಕೊಂಡಿಗಳಲ್ಲೆಲ್ಲ ಅದೇ ಇದೆ. 2020ರಲ್ಲಿ ಆ ಡೊಮೇನ್ ಗೂಗಲ್ ಕೈತಪ್ಪಿ ಬೇರೆಯವರ ಪಾಲಾಯಿತು. ಹಳೆಯ ಬರಹಗಳಲ್ಲಿ ಅಂಥ ಕೊಂಡಿ ಕಂಡರೆ .in ತೆಗೆದು .com ಹಾಕಿ, ಬ್ಲಾಗು ಜೀವಂತವಿದ್ದರೆ ಕಮೆಂಟು ಸಿಗುತ್ತದೆ.

ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಬಹುದು ಎನ್ನುವುದಕ್ಕೆ ವಿಕಿಪೀಡಿಯದ ಚರ್ಚಾಪುಟಗಳಿವೆ. ಕನ್ನಡ ವಿಕಿಪೀಡಿಯದ ಅರಳಿ ಕಟ್ಟೆಯಂಥ ಪುಟದಲ್ಲಿ ಹಳೆಯ ಚರ್ಚೆಗಳನ್ನು ಬೇರೆ ಪುಟಕ್ಕೆ ಸಾಗಿಸುವುದು ವಾಡಿಕೆ, ಹಾಗೆ ಸಾಗಿಸಿದಾಗ ವಿಭಾಗದ ಕೊಂಡಿಗಳು ಮುರಿಯುತ್ತಿದ್ದವು. ಅಲ್ಲಿನ ಹೊಸ ಚರ್ಚಾ ಸಲಕರಣೆ ಬರೆದವರ ಹೆಸರು, ಬರೆದ ಸಮಯ ಸೇರಿಸಿ ಕಮೆಂಟಿಗೆ ಗುರುತು ಕೊಡುತ್ತದೆ. ಮಾತು ಪುಟ ಬದಲಿಸಿದರೂ ಆ ಗುರುತಿನಿಂದ ಹುಡುಕಬಹುದು. ಕಮೆಂಟು ಆ ಪುಟದಲ್ಲಿ ಇಲ್ಲದಿದ್ದರೆ ಇಲ್ಲವೆಂದು ಓದುಗರಿಗೆ ಬಾಯಿಬಿಟ್ಟು ಹೇಳುತ್ತದೆ. ವರ್ಡ್‌ಪ್ರೆಸ್‌ ಕಲಿಯಬೇಕಾದದ್ದು ಈ ಕೊನೆಯ ಗುಣವನ್ನು. ನನ್ನ ಮಟ್ಟಿಗೆ ಅದರ ಕೊಂಡಿ ಗೆಳೆಯರಿಗೆ ಕಳಿಸಲು ಸಾಕು, ಗ್ರಂಥದ ಅಡಿಟಿಪ್ಪಣಿಗೆ ಸಾಲದು.

ಆದ್ದರಿಂದ ಯಾರದೇ ಕಮೆಂಟನ್ನು ಉಲ್ಲೇಖಿಸುವಾಗ ಬರೀ ಕೊಂಡಿ ಕೊಟ್ಟು ಸುಮ್ಮನಾಗಬೇಡಿ. ಬರಹದ ತಲೆಬರಹ, ಕಮೆಂಟು ಬರೆದವರು ಅಲ್ಲಿ ಕೊಟ್ಟ ಹೆಸರು, ತಾರೀಕು, ಸಮಯ, ಕಮೆಂಟಿನ ಮೊದಲ ಸಾಲು ಇವಿಷ್ಟನ್ನೂ ಜೊತೆಗೆ ಬರೆಯಿರಿ. ಆ ಕಮೆಂಟು ಇರುವ ಪುಟವನ್ನು ಅದೇ ದಿನ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ, ಅಲ್ಲಿ ಸಿಕ್ಕ ವಿಳಾಸದ ತುದಿಗೆ #comment-890 ಎಂದು ಸೇರಿಸಿ ಕೊಡಿ.